ಬಿಒಡಿ 7 ಎಂದ ವರದಿ, ಸತ್ತ ಮೀನು: ಒಂದು ಕೆರೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಬೆಂಗಳೂರಿನ ಅಂಚಿನ ಒಂದು ಕೆರೆಯ ಪ್ರಕರಣ. ಕೆರೆ, ಬಡಾವಣೆ, ಅಪಾರ್ಟ್‌ಮೆಂಟ್, ಪ್ರಯೋಗಾಲಯ ಯಾವುದರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ನೀರಿನ ಹರವು ಸುಮಾರು 20 ಎಕರೆ, ಸರಾಸರಿ ಆಳ ಒಂದೂವರೆ ಮೀಟರ್, ಅಂದರೆ ತುಂಬಿದಾಗ ಹೆಚ್ಚು ಕಡಿಮೆ 12 ಕೋಟಿ ಲೀಟರ್ ನೀರು. ಕೆಲವು ವರ್ಷಗಳ ಹಿಂದೆ ಹೂಳು ತೆಗೆದು, ಏರಿ ಗಟ್ಟಿ ಮಾಡಿ, ಸುತ್ತ ನಡಿಗೆಯ ದಾರಿ ಹಾಕಿದ್ದರು. ಕೊಳಚೆ ಕೆರೆಗೆ ಬಾರದಂತೆ ಒಳಚರಂಡಿ ಕೊಳವೆಯನ್ನು ಬಳಸುದಾರಿಯಲ್ಲಿ ಒಯ್ದಿದ್ದರು.

ಕೆರೆಗೆ ನೀರು ಬರುವ ದಾರಿ ಎರಡು. ಉತ್ತರದಲ್ಲಿ 400 ಮನೆಗಳ ಅಪಾರ್ಟ್‌ಮೆಂಟ್ ಒಂದರ ಕೊಳಚೆ ಶುದ್ಧೀಕರಣ ಘಟಕ ಇದೆ. ಫ್ಲಶ್‌ಗೆ, ತೋಟಕ್ಕೆ ಬಳಸಿ ಉಳಿದ ಸುಮಾರು ಒಂದು ಲಕ್ಷ ಲೀಟರ್ ಸಂಸ್ಕರಿತ ನೀರು ದಿನವೂ ಅಲ್ಲಿಂದ ಬರುತ್ತದೆ. ಪೂರ್ವದಲ್ಲಿ ಮಳೆನೀರು ಚರಂಡಿ. ಕಾಗದದ ಮೇಲೆ ಇದರಲ್ಲಿ ಮಳೆ ಬಂದಾಗ ಮಾತ್ರ ನೀರು ಹರಿಯಬೇಕು.

ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ನಡೆಯುತ್ತಿತ್ತು. ಕೊಳೆಯ ಮಟ್ಟವನ್ನು ಸೂಚಿಸುವ ಬಿಒಡಿ ಎಂಬ ಅಂಕಿ ಘಟಕದಿಂದ ಹೊರಬರುವ ನೀರಿನಲ್ಲಿ ಲೀಟರಿಗೆ 7 ಮಿಲಿಗ್ರಾಂ, ಕೆರೆಯ ನಡುವಿನ ನೀರಿನದು 21. ಹಲವು ತಿಂಗಳ ವರದಿಗಳಲ್ಲಿ ಇವೇ ಅಂಕಿಗಳು ಅಷ್ಟಿಷ್ಟು ಹೆಚ್ಚುಕಡಿಮೆಯಾಗಿ ಬರುತ್ತಿದ್ದವು. ಮಳೆನೀರು ಚರಂಡಿಯನ್ನು ಪರೀಕ್ಷೆಗೆ ಸೇರಿಸಿಯೇ ಇರಲಿಲ್ಲ.

ಬಿಒಡಿ ಅಳೆಯುವುದು ಏನನ್ನು

ಜೈವಿಕ ಆಮ್ಲಜನಕ ಬೇಡಿಕೆಯನ್ನು ಎಲ್ಲರೂ ಬಿಒಡಿ ಎಂದೇ ಕರೆಯುತ್ತಾರೆ. ಅದು ನೀರಿನಲ್ಲಿರುವ ಯಾವುದೋ ಒಂದು ವಸ್ತುವಿನ ಪ್ರಮಾಣ ಅಲ್ಲ. ಮಲ, ಅನ್ನದ ಗಂಜಿ, ಸೋಪು, ಎಣ್ಣೆ, ಕೊಳೆತ ಎಲೆ, ಹೀಗೆ ನೀರಿಗೆ ಸೇರಿದ ಸಾವಯವ ಪದಾರ್ಥವನ್ನು ಬ್ಯಾಕ್ಟೀರಿಯಾಗಳು ತಿಂದು ಕರಗಿಸುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಉಸಿರಾಡುತ್ತವೆ. ಹಾಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುದೇ ಬಿಒಡಿ. ಕೊಳಚೆಯ ಮೇಲಿನ ಆಮ್ಲಜನಕದ ಸಾಲ ಎಂದುಕೊಂಡರೆ ಸರಿಯಾಗುತ್ತದೆ: ಸಾಲ ಇರುವುದು ಕೊಳಚೆಯಲ್ಲಿ, ತೀರಿಸುವುದು ಕೆರೆ.

ಅಳೆಯುವ ಕ್ರಮ ಸರಳ. 300 ಮಿಲಿಲೀಟರ್ ಹಿಡಿಯುವ ಗಾಜಿನ ಬಾಟಲಿಗೆ ನೀರು ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಬಿರಡೆ ಹಾಕಿ, ಕತ್ತಲಲ್ಲಿ ಇಡುತ್ತಾರೆ. ಇಡುವ ಮೊದಲು ಕರಗಿದ ಆಮ್ಲಜನಕ ಎಷ್ಟಿತ್ತು, ತೆಗೆದಾಗ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಹಳೆಯ ವಾಡಿಕೆ 20 ಡಿಗ್ರಿಯಲ್ಲಿ 5 ದಿನ. ನಮ್ಮ ಭಾರತೀಯ ಮಾನಕ 27 ಡಿಗ್ರಿಯಲ್ಲಿ 3 ದಿನ ಇಡಲು ಹೇಳುತ್ತದೆ. ಬಿಸಿ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಚುರುಕಾಗುವುದರಿಂದ ಮನೆಬಳಕೆಯ ಕೊಳಚೆಗೆ ಎರಡೂ ಅಂಕಿಗಳು ಸಾಕಷ್ಟು ಹತ್ತಿರ ಬರುತ್ತವೆ. ಆದರೆ ಯಾವ ಕ್ರಮ ಎಂದು ಬರೆಯದ ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಾರದು.

ಇಲ್ಲೊಂದು ತೊಡಕು ಇದೆ, ಈ ಪ್ರಕರಣದ ತಿರುಳೂ ಅದೇ. ಸಮುದ್ರಮಟ್ಟದಲ್ಲಿ 27 ಡಿಗ್ರಿಯ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ ಮಾತ್ರ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸುಮಾರು 7. ಕೊಳಚೆಯ ಬಿಒಡಿ 250 ಇದ್ದರೆ, ಅದನ್ನು ಹಾಗೇ ಬಾಟಲಿಗೆ ತುಂಬಿದಾಗ ಇರುವ 7 ಮಿಲಿಗ್ರಾಂ ಕೆಲವೇ ಗಂಟೆಗಳಲ್ಲಿ ಮುಗಿದು ಅಳತೆಯೇ ನಿಂತುಹೋಗುತ್ತದೆ. ಆದ್ದರಿಂದ ಮಾದರಿಯನ್ನು ಗಾಳಿ ತುಂಬಿದ ಶುದ್ಧ ನೀರಿನಲ್ಲಿ ತೆಳುಗೊಳಿಸಬೇಕು. ಎಷ್ಟು ತೆಳುಗೊಳಿಸಬೇಕು ಎಂಬುದು ಮೊದಲೇ ತಿಳಿಯದ ಕಾರಣ ಒಂದೇ ಮಾದರಿಗೆ ಮೂರು ನಾಲ್ಕು ಪ್ರಮಾಣದಲ್ಲಿ ಬಾಟಲಿ ಇಡುತ್ತಾರೆ. ಕೊನೆಗೆ ಕನಿಷ್ಠ 1 ಮಿಲಿಗ್ರಾಂ ಆಮ್ಲಜನಕ ಉಳಿದಿರಬೇಕು, ಕನಿಷ್ಠ 2 ಮಿಲಿಗ್ರಾಂ ಖರ್ಚಾಗಿರಬೇಕು. ಈ ಎರಡು ಷರತ್ತಿಗೆ ಹೊಂದುವ ಬಾಟಲಿಯ ಲೆಕ್ಕವನ್ನಷ್ಟೇ ವರದಿಗೆ ತೆಗೆದುಕೊಳ್ಳುತ್ತಾರೆ.

ಸಮಸ್ಯೆ

ಮೇ ತಿಂಗಳಲ್ಲಿ ಮೂರು ದಿನ ಮೋಡ ಕವಿದಿತ್ತು. ಮೂರನೆಯ ರಾತ್ರಿ ಜೋರು ಮಳೆ. ಬೆಳಗಾಗುವಷ್ಟರಲ್ಲಿ ಕಾಟ್ಲಾ, ರೋಹು ಮೀನುಗಳು ನೂರಾರು ಸಂಖ್ಯೆಯಲ್ಲಿ ಸತ್ತು ದಡಕ್ಕೆ ಬಂದಿದ್ದವು. ಜಿಲೇಬಿ ಮೀನು ನೀರಿನ ಮೇಲ್ಮೈಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಕೆರೆ ಸಮಿತಿ ವರದಿಗಳನ್ನು ಮುಂದಿಟ್ಟುಕೊಂಡು ಕೂತಿತು. ಘಟಕದ ನೀರು 7. ಬೆಂಗಳೂರಿನ ಅಪಾರ್ಟ್‌ಮೆಂಟ್ ಘಟಕಗಳಿಗೆ ವಿಧಿಸುವ ಮಿತಿಯೇ 10, ಹಾಗಾಗಿ ಅಲ್ಲಿಂದ ಬರುವುದು ಶುದ್ಧ ನೀರೇ ಎಂದಾಯಿತು. ಕೆರೆಯ ನೀರು 21. ಒಳಗೆ ಬರುವುದು 7, ಒಳಗಿರುವುದು 21 ಆದರೆ ಕೊಳೆ ಹುಟ್ಟುತ್ತಿರುವುದು ಕೆರೆಯೊಳಗೇ ಎಂಬ ತೀರ್ಮಾನಕ್ಕೆ ಬಂದರು. ಇದ್ದ ಅಂಕಿಗಳನ್ನು ನಂಬಿದರೆ ಯಾರಾದರೂ ಹಾಗೇ ಹೇಳುತ್ತಿದ್ದರು.

ಮೊದಲು ಮಾಡಿದ ಪ್ರಯತ್ನಗಳು

ಎರಡು ಕೆಲಸ ನಡೆದವು. ಮೊದಲನೆಯದು, ಸೂಕ್ಷ್ಮಾಣು ದ್ರಾವಣ ಸುರಿದದ್ದು. "ಕೊಳೆ ತಿನ್ನುವ ಬ್ಯಾಕ್ಟೀರಿಯಾ" ಎಂದು ಮಾರುವ ದ್ರಾವಣವನ್ನು ವಾರಕ್ಕೊಮ್ಮೆ ಹಾಕಿದರು. ಎರಡು ತಿಂಗಳಾದರೂ ಬಿಒಡಿ ಅಲುಗಲಿಲ್ಲ. ಕೊಳಚೆ ಸೇರುವ ಕೆರೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರ ಇರುವುದಿಲ್ಲ, ಬರ ಇರುವುದು ಆಮ್ಲಜನಕಕ್ಕೆ. ತಿನ್ನುವವರ ಸಂಖ್ಯೆ ಹೆಚ್ಚಿಸಿದರೆ ಉಸಿರಾಡುವವರ ಸಂಖ್ಯೆಯೂ ಹೆಚ್ಚುತ್ತದೆ, ಗಾಳಿ ಮಾತ್ರ ಅಷ್ಟೇ ಇರುತ್ತದೆ.

ಎರಡನೆಯದು 5 ಎಚ್‌ಪಿಯ ಕಾರಂಜಿ. ನಡೆಯಲು ಬರುವವರಿಗೂ ಚಂದ ಕಾಣಲಿ ಎಂದು ಸಂಜೆ 5ರಿಂದ 9ರವರೆಗೆ ಓಡಿಸುತ್ತಿದ್ದರು, ಶಬ್ದವಾಗುತ್ತದೆ ಎಂದು ರಾತ್ರಿ ನಿಲ್ಲಿಸುತ್ತಿದ್ದರು. ಇದು ಕೆರೆಗೆ ಸಹಾಯ ಮಾಡುವ ಬದಲು ಸ್ವಲ್ಪ ಕೆಡುಕನ್ನೇ ಮಾಡುತ್ತಿತ್ತೆಂದು ಆಮೇಲೆ ತಿಳಿಯಿತು.

ಮೊದಲ ತಿರುವು: ನಸುಕಿನ ಅಳತೆ

ದಾರಿ ತೋರಿಸಿದ್ದು ಮೀನು ಗುತ್ತಿಗೆ ಹಿಡಿದವರ ಒಂದು ಮಾತು. "ಸಾರ್, ನೀವು ಹನ್ನೊಂದು ಗಂಟೆಗೆ ಬಂದು ನೀರು ತುಂಬ್ಕೊಂಡು ಹೋಗ್ತೀರ. ಮೀನು ಬಾಯಿ ಬಿಡೋದು ಬೆಳಗಿನ ಜಾವ ನಾಲ್ಕಕ್ಕೆ. ಬಿಸಿಲೇರಿದ್ರೆ ಎಲ್ಲ ಸರಿಹೋಗುತ್ತೆ."

ಮೀಟರ್ ಹಿಡಿದು ದಿನವಿಡೀ ಕರಗಿದ ಆಮ್ಲಜನಕ ಅಳೆದರು. ಮಧ್ಯಾಹ್ನ ಮೂರಕ್ಕೆ ಲೀಟರಿಗೆ 13 ಮಿಲಿಗ್ರಾಂ, ನಸುಕಿನ ಐದಕ್ಕೆ 0.6. ಗಾಳಿಯಿಂದ ಕರಗಬಹುದಾದದ್ದು 7 ಮಾತ್ರ ಇರುವಾಗ 13 ಬಂದಿತೆಂದರೆ ಉಳಿದದ್ದನ್ನು ನೀರೊಳಗೇ ಯಾರೋ ತಯಾರಿಸುತ್ತಿದ್ದಾರೆ ಎಂದರ್ಥ. ಅದು ಪಾಚಿ. ಹಸಿರು ನೀರಿನ ಸೂಕ್ಷ್ಮ ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಎಲ್ಲ ಜೀವಿಗಳಂತೆ ಅದೂ ಉಸಿರಾಡಿ ಖರ್ಚು ಮಾಡುತ್ತದೆ. ಮೂರು ದಿನ ಮೋಡ ಇದ್ದಾಗ ಹಗಲಿನ ಗಳಿಕೆ ಕುಸಿಯಿತು, ರಾತ್ರಿಯ ಖರ್ಚು ನಿಲ್ಲಲಿಲ್ಲ. ಜೊತೆಗೆ ಮಳೆ ಚರಂಡಿಯಲ್ಲಿ ಕೂತಿದ್ದ ಕರಿ ಕೆಸರನ್ನೆಲ್ಲ ಒಮ್ಮೆಗೇ ಕೆರೆಗೆ ತಳ್ಳಿತು. ಕಾಟ್ಲಾ, ರೋಹು ತಾಳಲಿಲ್ಲ.

ಕಾರಂಜಿಯ ಲೆಕ್ಕವೂ ಇಲ್ಲೇ ಬಿಡಿಸಿಕೊಂಡಿತು. ಸಂಜೆ ಐದಕ್ಕೆ ನೀರಿನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಆಮ್ಲಜನಕ ಇರುತ್ತದೆ. ಆಗ ನೀರನ್ನು ಚಿಮ್ಮಿಸಿದರೆ ಹೆಚ್ಚುವರಿ ಆಮ್ಲಜನಕ ಗಾಳಿಗೆ ಹಾರಿಹೋಗುತ್ತದೆ. ರಾತ್ರಿಗೆ ಬೇಕಾಗಿದ್ದ ದಾಸ್ತಾನನ್ನು ಸಂಜೆಯೇ ಖಾಲಿ ಮಾಡಿದಂತೆ. ಓಡಿಸುವುದಾದರೆ ರಾತ್ರಿ ಒಂದರಿಂದ ಬೆಳಗಿನ ಆರರವರೆಗೆ ಓಡಿಸಬೇಕು. ಆಗಲೂ 5 ಎಚ್‌ಪಿ ಯಂತ್ರ ಐದು ಗಂಟೆಯಲ್ಲಿ ಸುಮಾರು 18 ಯೂನಿಟ್ ವಿದ್ಯುತ್ ತಿಂದು, ಯೂನಿಟ್ಟಿಗೆ ಒಂದು ಕಿಲೋದಂತೆ ಲೆಕ್ಕ ಹಾಕಿದರೂ 18 ಕಿಲೋ ಆಮ್ಲಜನಕ ಸೇರಿಸುತ್ತದೆ. 12 ಕೋಟಿ ಲೀಟರಿಗೆ ಹಂಚಿದರೆ ಲೀಟರಿಗೆ 0.15 ಮಿಲಿಗ್ರಾಂ. ಇಡೀ ಕೆರೆಗೆ ಅದು ಏನೂ ಅಲ್ಲ. ಯಂತ್ರದ ಸುತ್ತಲಿನ ಒಂದಿಷ್ಟು ಜಾಗ ಮೀನಿಗೆ ಆಸರೆಯಾಗುತ್ತದೆ, ಅಷ್ಟು ಮಾತ್ರ ಅದರಿಂದ ನಿರೀಕ್ಷಿಸಬಹುದು.

ಎರಡನೆಯ ತಿರುವು: 7 ಎಂಬ ಅಂಕಿ ಬಂದದ್ದು ಹೇಗೆ

ಘಟಕದ ನೀರಿನ ವರದಿಯಲ್ಲಿ ಬಿಒಡಿಯ ಪಕ್ಕದಲ್ಲೇ ಸಿಒಡಿ 118 ಎಂದಿತ್ತು, ತೇಲುವ ಘನ ಪದಾರ್ಥ 52 ಎಂದಿತ್ತು. ಸಿಒಡಿ ಎಂದರೆ ಬ್ಯಾಕ್ಟೀರಿಯಾ ಬದಲು ಡೈಕ್ರೋಮೇಟ್ ಮತ್ತು ಆಮ್ಲದಲ್ಲಿ ಎರಡು ಗಂಟೆ ಕುದಿಸಿ, ಸಾವಯವ ಪದಾರ್ಥವನ್ನೆಲ್ಲ ಬಲವಂತವಾಗಿ ಸುಟ್ಟು ತೆಗೆದ ಲೆಕ್ಕ. ಹಸಿ ಕೊಳಚೆಯಲ್ಲಿ ಬಿಒಡಿ ಸಾಮಾನ್ಯವಾಗಿ ಸಿಒಡಿಯ ಅರ್ಧದ ಆಸುಪಾಸು ಇರುತ್ತದೆ. ಚೆನ್ನಾಗಿ ಸಂಸ್ಕರಿಸಿದಾಗ ಎರಡೂ ಇಳಿಯುತ್ತವೆ, ಬಿಒಡಿ ಇನ್ನಷ್ಟು ಇಳಿದು ಐದನೇ ಒಂದು ಭಾಗಕ್ಕೆ ಬರಬಹುದು. ಇಲ್ಲಿ ಸಿಒಡಿ ಇನ್ನೂ 118ರಲ್ಲೇ ನಿಂತಿದೆ, ನೀರು ಕದಡಿದೆ, ಬಿಒಡಿ ಮಾತ್ರ ಹದಿನೇಳನೇ ಒಂದು ಭಾಗ. ಮನೆಬಳಕೆಯ ಕೊಳಚೆಗೆ ಇದು ಹೊಂದುವುದಿಲ್ಲ. ಅನುಮಾನ ಹುಟ್ಟಬೇಕಾದದ್ದು ಇಲ್ಲಿ.

ಪ್ರಯೋಗಾಲಯದಿಂದ ಬಾಟಲಿಗಳ ಮೂಲ ದಾಖಲೆಯನ್ನು ಕೇಳಿ ತರಿಸಿದರು. ವರದಿಗಿಂತ ಆ ಒಂದು ಹಾಳೆ ಹೆಚ್ಚು ಹೇಳಿತು. ಒಂದು ಬಾಟಲಿಯಲ್ಲಿ ಮಾದರಿ ಅರ್ಧ, ಅಂದರೆ 150 ಮಿಲಿಲೀಟರ್: ಆಮ್ಲಜನಕ 7.1ರಿಂದ 3.6ಕ್ಕೆ ಇಳಿದಿದೆ, ಖರ್ಚು 3.5, ಅರ್ಧದಿಂದ ಭಾಗಿಸಿದರೆ ಬಿಒಡಿ 7. ಇನ್ನೊಂದರಲ್ಲಿ ಮಾದರಿ ಹತ್ತನೇ ಒಂದು ಭಾಗ, 30 ಮಿಲಿಲೀಟರ್: 7.1ರಿಂದ 5.2ಕ್ಕೆ, ಖರ್ಚು 1.9, ಬಿಒಡಿ 19. ಎರಡನೆಯ ಬಾಟಲಿಯಲ್ಲಿ ಖರ್ಚು 2ಕ್ಕಿಂತ ಕಡಿಮೆ ಎಂದು ನಿಯಮದಂತೆ ಅದನ್ನು ಕೈಬಿಟ್ಟು 7 ಎಂದು ಬರೆದಿದ್ದರು. ನಿಯಮ ಪಾಲಿಸಿಯೇ ತಪ್ಪು ಉತ್ತರಕ್ಕೆ ಬಂದಿದ್ದರು.

ಒಂದೇ ನೀರನ್ನು ಎಷ್ಟು ತೆಳುಗೊಳಿಸಿದರೂ ಉತ್ತರ ಒಂದೇ ಆಸುಪಾಸು ಬರಬೇಕು. ತೆಳುಗೊಳಿಸಿದಂತೆಲ್ಲ ಬಿಒಡಿ ಏರುತ್ತಾ ಹೋದರೆ, ಮಾದರಿಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನೋ ಇದೆ, ನೀರು ಬೆರೆಸಿದಾಗ ಅದರ ಬಲ ಕುಗ್ಗುತ್ತಿದೆ ಎಂದು ಓದಬೇಕು. ಇಲ್ಲಿ ಆ ವಸ್ತು ಕ್ಲೋರಿನ್. ಘಟಕದಿಂದ ಹೊರಡುವ ನೀರಿಗೆ ಕೊನೆಯಲ್ಲಿ ಹೈಪೊಕ್ಲೋರೈಟ್ ಹಾಕುತ್ತಾರೆ, ಮಾದರಿಯನ್ನು ಅದರ ನಂತರದ ನಲ್ಲಿಯಿಂದ ಹಿಡಿದಿದ್ದರು. ಬಾಟಲಿಯೊಳಗೆ ತಿನ್ನಲು ಆಹಾರ ಇತ್ತು, ತಿನ್ನುವವರು ಸತ್ತಿದ್ದರು. ಹಾಗಾಗಿ ಆಮ್ಲಜನಕ ಉಳಿಯಿತು, ಉಳಿದ ಆಮ್ಲಜನಕ ಶುದ್ಧತೆಯಂತೆ ಕಂಡಿತು.

ಎರಡನೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಮೂರು ಸೂಚನೆ ಕೊಟ್ಟರು. ಉಳಿಕೆ ಕ್ಲೋರಿನ್ ಅಳೆದು, ಅದಕ್ಕೆ ಬೇಕಾದಷ್ಟೇ ಸೋಡಿಯಂ ಸಲ್ಫೈಟ್ ಹಾಕಿ ತೆಗೆಯಬೇಕು (ಸಲ್ಫೈಟ್ ಹೆಚ್ಚಾದರೆ ಅದೇ ಆಮ್ಲಜನಕ ಹೀರುತ್ತದೆ, ಸುಳ್ಳು ಬಿಒಡಿ ಬರುತ್ತದೆ). ಕ್ಲೋರಿನ್ ಕಂಡ ನೀರಿನಲ್ಲಿ ಬ್ಯಾಕ್ಟೀರಿಯಾ ಉಳಿದಿರುವುದಿಲ್ಲ, ಆದ್ದರಿಂದ ತಿಳಿಗೊಂಡ ಕೊಳಚೆಯ ಮೇಲಿನ ನೀರನ್ನು ಬಿತ್ತನೆಯಾಗಿ ಹಾಕಬೇಕು. ಬಿತ್ತನೆ ತಾನೇ ಖರ್ಚು ಮಾಡುವ ಆಮ್ಲಜನಕವನ್ನು ಬೇರೆ ಬಾಟಲಿಯಲ್ಲಿ ಅಳೆದು ಕಳೆಯಬೇಕು. ಆಗ ಬಂದ ಲೆಕ್ಕ ಹೀಗಿತ್ತು. ಮಾದರಿ 15 ಮಿಲಿಲೀಟರ್, ಅಂದರೆ ಇಪ್ಪತ್ತನೇ ಒಂದು ಭಾಗ. ಆಮ್ಲಜನಕ 7.1ರಿಂದ 4.4ಕ್ಕೆ, ಖರ್ಚು 2.7. ಅದರಲ್ಲಿ ಬಿತ್ತನೆಯದು 0.7, ಉಳಿದದ್ದು 2.0. ಇಪ್ಪತ್ತರಿಂದ ಗುಣಿಸಿದರೆ 40. ಬೇರೆ ಪ್ರಮಾಣದ ಬಾಟಲಿಗಳೂ 37, 42 ಎಂದು ಹತ್ತಿರಹತ್ತಿರ ಬಂದವು. ಈ ಹೊಂದಾಣಿಕೆಯೇ ಅಂಕಿಯನ್ನು ನಂಬಲು ಕಾರಣ.

40 ಎಂದರೆ ಮಿತಿಯ ನಾಲ್ಕು ಪಟ್ಟು. ಘಟಕದೊಳಗೆ ಹೋಗಿ ನೋಡಿದಾಗ ಕಾರಣ ಸಿಕ್ಕಿತು. ಕರೆಂಟ್ ಬಿಲ್ ಉಳಿಸಲು ರಾತ್ರಿ ಹನ್ನೊಂದರಿಂದ ಐದರವರೆಗೆ ಕೊಳಚೆಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದರು. ಗಾಳಿ ತೊಟ್ಟಿಯಲ್ಲಿ ಲೀಟರಿಗೆ 3,000 ಮಿಲಿಗ್ರಾಂ ಮೇಲಿರಬೇಕಾದ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳ ಜೀವಂತ ಕೆಸರು 900ಕ್ಕೆ ಇಳಿದಿತ್ತು. ನೀರು ಕಪ್ಪಾಗಿ ವಾಸನೆ ಬಂದಾಗಲೆಲ್ಲ ನಿರ್ವಾಹಕರು ಹೈಪೊಕ್ಲೋರೈಟ್ ಹೆಚ್ಚಿಸುತ್ತಿದ್ದರು. ಬಣ್ಣ ತಿಳಿಯಾಗುತ್ತಿತ್ತು, ವರದಿಯೂ ತಿಳಿಯಾಗುತ್ತಿತ್ತು. ಕೆರೆಗೆ ಬಂದು ಕ್ಲೋರಿನ್ ಆರಿದ ಮೇಲೆ ಆ ಆಹಾರ ಕೆರೆಯ ಬ್ಯಾಕ್ಟೀರಿಯಾಕ್ಕೆ ಸಿಗುತ್ತಿತ್ತು.

ಮೂರನೆಯ ತಿರುವು: ಯಾರೂ ಅಳೆಯದ ಚರಂಡಿ

ಘಟಕವೇ ಅಪರಾಧಿ ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಅದು ಒಳ್ಳೆಯದಾಯಿತು. ಬಿಒಡಿ ಹೇಳುವುದು ಪ್ರತಿ ಲೀಟರಿನ ಸಾಲ. ಕೆರೆಗೆ ಮುಖ್ಯವಾದದ್ದು ದಿನದ ಒಟ್ಟು ಸಾಲ, ಅಂದರೆ ಲೀಟರಿನ ಅಂಕಿಯನ್ನು ಹರಿವಿನಿಂದ ಗುಣಿಸಿದ್ದು. ಘಟಕದ ಒಂದು ಲಕ್ಷ ಲೀಟರಿಗೆ 40ರಂತೆ ದಿನಕ್ಕೆ 4 ಕಿಲೋ. ಇಷ್ಟು ದೊಡ್ಡ ಕೆರೆಯನ್ನು ಅಷ್ಟು ಹಸಿರಾಗಿಸಲು 4 ಕಿಲೋ ಸಾಲದು.

ಮಳೆಯಿಲ್ಲದ ದಿನವೂ ಪೂರ್ವದ ಚರಂಡಿಯಲ್ಲಿ ತೆಳ್ಳಗೆ ನೀರು ಹರಿಯುತ್ತಿತ್ತು. "ಸಣ್ಣ ಹರಿವು" ಎಂದು ಎಲ್ಲರೂ ದಾಟಿ ಹೋಗುತ್ತಿದ್ದರು. ಅದಕ್ಕೆ ಅಡ್ಡಲಾಗಿ ಹಲಗೆ ನಿಲ್ಲಿಸಿ, ಅದರಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕೊರೆದು, ಕಚ್ಚಿನ ತುದಿಯಿಂದ ನೀರು ಎಷ್ಟು ಎತ್ತರ ನಿಲ್ಲುತ್ತದೆಂದು ಎರಡು ಗಂಟೆಗೊಮ್ಮೆ, ಒಂದು ಹಗಲು ಒಂದು ರಾತ್ರಿ ಅಳೆದರು. ಬೆಳಗ್ಗೆ ಏಳಕ್ಕೆ 13 ಸೆಂಟಿಮೀಟರ್, ಹನ್ನೊಂದಕ್ಕೆ 8. ನೋಡಲು ವ್ಯತ್ಯಾಸ ಐದೇ ಸೆಂಟಿಮೀಟರ್. ಆದರೆ ಈ ಕಚ್ಚಿನಲ್ಲಿ ಹರಿವು ಎತ್ತರದ ಎರಡೂವರೆ ಘಾತದಲ್ಲಿ ಏರುತ್ತದೆ, ಹಾಗಾಗಿ ಸೆಕೆಂಡಿಗೆ 8 ಲೀಟರಿಗೂ ಮೇಲೆ ಒಂದು ಕಡೆ, ಎರಡೂವರೆ ಲೀಟರ್ ಇನ್ನೊಂದು ಕಡೆ. ಏಳು ಗಂಟೆಯ ನೀರಿನ ಬಿಒಡಿ 190, ಹನ್ನೊಂದರದು 60. ಹನ್ನೊಂದು ಗಂಟೆಗೆ ಮಾತ್ರ ಮಾದರಿ ಹಿಡಿಯುವವರ ಕಣ್ಣಿಗೆ ಹರಿವೂ ಕಡಿಮೆ, ಕೊಳೆಯೂ ಕಡಿಮೆ.

ಪ್ರತಿ ಸಲ ಹಿಡಿದ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಕೊನೆಗೆ ಹರಿವಿಗೆ ತಕ್ಕ ಪ್ರಮಾಣದಲ್ಲಿ ಬೆರೆಸಿ ಒಂದು ಮಾದರಿ ಮಾಡಿದರು. ದಿನದ ಹರಿವು ಸುಮಾರು 3 ಲಕ್ಷ ಲೀಟರ್, ಬೆರಕೆಯ ಬಿಒಡಿ 140. ಅಂದರೆ ದಿನಕ್ಕೆ 42 ಕಿಲೋ, ಘಟಕದ ಹತ್ತು ಪಟ್ಟು.

ಈ 42 ಕಿಲೋವನ್ನು ಜನರ ಲೆಕ್ಕಕ್ಕೆ ತಿರುಗಿಸಬಹುದು. ಕೇಂದ್ರ ಸರಕಾರದ ಒಳಚರಂಡಿ ಕೈಪಿಡಿ ತಲೆಗೆ ದಿನಕ್ಕೆ 27 ಗ್ರಾಂ ಬಿಒಡಿ ಹಿಡಿಯುತ್ತದೆ. 135 ಲೀಟರ್ ಬಳಕೆಯಲ್ಲಿ ಶೇ 80 ಕೊಳಚೆಯಾದರೆ ಲೀಟರಿಗೆ 250 ಮಿಲಿಗ್ರಾಂ ಬರುವುದು ಇದೇ ಲೆಕ್ಕದಿಂದ. 42 ಕಿಲೋ ಎಂದರೆ ಸುಮಾರು 1,550 ಜನರ ಕೊಳಚೆ. ಅಷ್ಟು ಜನರಿಗೆ ಒಂದು ಲಕ್ಷ 70 ಸಾವಿರ ಲೀಟರ್ ಸಾಕು, ಹರಿಯುತ್ತಿದ್ದದ್ದು 3 ಲಕ್ಷ. ಉಳಿದದ್ದು ಎಲ್ಲಿಂದಲೋ ಸೇರುತ್ತಿದ್ದ ತಿಳಿನೀರು. 250 ಇರಬೇಕಾದ ಅಂಕಿ 140ಕ್ಕೆ ಇಳಿದದ್ದು ಆ ಬೆರಕೆಯಿಂದ. ಹುಡುಕಬೇಕಾದದ್ದು ಕೆಲವು ಮನೆಗಳ ಸೋರಿಕೆಯನ್ನಲ್ಲ, ಒಂದು ಇಡೀ ಬೀದಿಯಷ್ಟು ಜನರ ಕೊಳಚೆಯನ್ನು ಎಂಬುದು ಇದರಿಂದ ಗೊತ್ತಾಯಿತು.

ಬೆಳಗ್ಗೆ ಆರಕ್ಕೆ ಹೊರಟು ಚರಂಡಿಯ ಉದ್ದಕ್ಕೂ ಮೇಲ್ಮುಖವಾಗಿ ನಡೆದರು. ಎರಡು ಕಡೆ ಸಿಕ್ಕಿತು. ಒಂದು ಕಡೆ ಒಳಚರಂಡಿ ಕೊಳವೆ ಹೂಳು ತುಂಬಿ ಕಟ್ಟಿಕೊಂಡಿತ್ತು; ಮ್ಯಾನ್‌ಹೋಲ್ ಉಕ್ಕದಿರಲಿ ಎಂದು ಯಾರೋ ಅದರ ಗೋಡೆ ಒಡೆದು ಮಳೆನೀರು ಚರಂಡಿಗೆ ಪೈಪ್ ಕೊಟ್ಟಿದ್ದರು. ಇನ್ನೊಂದು ಕಡೆ ಒಂದು ಸಾಲು ಪಿಜಿ ಕಟ್ಟಡಗಳ ಕೊಳಚೆ ನೇರ ಚರಂಡಿಗೇ ಇಳಿಯುತ್ತಿತ್ತು.

ಕೆರೆಯ 21: ಬೇರೆಯೇ ಅರ್ಥದ ಅಂಕಿ

ಇನ್ನು ಕೆರೆಯ ನೀರು. ಅದರ ಬಿಒಡಿ 21 ಎಂಬುದು ಸರಿಯಾಗಿಯೇ ಇತ್ತು, ಓದಿದ್ದು ತಪ್ಪಾಗಿತ್ತು. ಅದೇ ನೀರನ್ನು ಸೂಕ್ಷ್ಮ ಶೋಧಕ ಕಾಗದದಲ್ಲಿ ಸೋಸಿ ಅಳೆದಾಗ 6 ಬಂತು. ವ್ಯತ್ಯಾಸದ 15 ಬಹುಪಾಲು ಪಾಚಿಯದು. ಬಾಟಲಿ ಇರುವುದು ಕತ್ತಲಲ್ಲಿ, ಅಲ್ಲಿ ಪಾಚಿ ಮೂರು ದಿನ ಉಸಿರಾಡುತ್ತದೆ, ಸಾಯುತ್ತದೆ, ಕೊಳೆಯುತ್ತದೆ. ಹಗಲಲ್ಲಿ ಅದು ಕೆರೆಗೆ ಕೊಡುವ ಆಮ್ಲಜನಕ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಹಸಿರು ಕೆರೆಯ ಮಾದರಿಗೆ ಇನ್ನೊಂದು ಎಚ್ಚರಿಕೆ ಬೇಕು: ಮಧ್ಯಾಹ್ನ ಹಿಡಿದ ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿರುತ್ತದೆ. ಅದನ್ನು ಪರೀಕ್ಷೆಯ ಉಷ್ಣತೆಗೆ ತಂದು, ಅಲುಗಿಸಿ, ಹೆಚ್ಚುವರಿಯನ್ನು ಬಿಡಿಸದೆ ಬಾಟಲಿಗೆ ತುಂಬಿದರೆ ಗುಳ್ಳೆಯಾಗಿ ಹೋದದ್ದೂ ಬಿಒಡಿಯ ಲೆಕ್ಕಕ್ಕೆ ಸೇರುತ್ತದೆ.

ಹಾಗಾಗಿ ಹಸಿ ಕೊಳಚೆ ಬೆರೆತು ಬಂದ 21 ಮತ್ತು ಪಾಚಿಯಿಂದ ಬಂದ 21 ಒಂದೇ ಅಲ್ಲ. ಮೊದಲನೆಯದಕ್ಕೆ ಕೊಳಚೆ ನಿಲ್ಲಿಸಿದ ವಾರಗಳಲ್ಲೇ ಪರಿಣಾಮ ಕಾಣುತ್ತದೆ. ಎರಡನೆಯದರ ಹಿಂದೆ ಇರುವುದು ಕೊಳಚೆ ವರ್ಷಗಟ್ಟಲೆ ತಂದು ಹಾಕಿದ, ಪಾಚಿಗೆ ಗೊಬ್ಬರವಾಗುವ ಸಾರಜನಕ ಮತ್ತು ರಂಜಕ. ಬಿಒಡಿ ಇವನ್ನು ಅಳೆಯುವುದಿಲ್ಲ. ಘಟಕದ ನೀರಿನ ಬಿಒಡಿಯನ್ನು 10ಕ್ಕೆ ಇಳಿಸಿದರೂ ಅದರಲ್ಲಿ ರಂಜಕ ಹಾಗೇ ಉಳಿದಿರಬಹುದು, ಕೆರೆ ಹಸಿರಾಗಿಯೇ ಇರಬಹುದು.

ಏನು ಮಾಡಿದರು, ಏನಾಯಿತು

ಜಲಮಂಡಳಿಯ ಜೆಟ್ಟಿಂಗ್ ಯಂತ್ರದಿಂದ ಕೊಳವೆಯ ಹೂಳು ತೆಗೆದ ಮೇಲೆ ಮ್ಯಾನ್‌ಹೋಲ್‌ನ ಅಡ್ಡದಾರಿ ಮುಚ್ಚಿದರು. ಈ ಅನುಕ್ರಮ ಮುಖ್ಯ. ಮೊದಲು ಅಡ್ಡದಾರಿ ಮುಚ್ಚಿದ್ದರೆ ಕೊಳಚೆ ರಸ್ತೆಗೆ ಉಕ್ಕಿ, ಮರುವಾರವೇ ಯಾರಾದರೂ ಮತ್ತೆ ಒಡೆಯುತ್ತಿದ್ದರು. ಪಿಜಿ ಸಾಲಿಗೆ ಒಳಚರಂಡಿ ಸಂಪರ್ಕ ಕೊಡಿಸಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅದೇ ಕಚ್ಚಿನಲ್ಲಿ ಅಳೆದಾಗ ಹರಿವು ದಿನಕ್ಕೆ 60 ಸಾವಿರ ಲೀಟರ್, ಬಿಒಡಿ 45. ಹೊರೆ 42 ಕಿಲೋದಿಂದ 2.7 ಕಿಲೋಗೆ ಇಳಿಯಿತು.

ಘಟಕದಲ್ಲಿ ಬ್ಲೋವರ್ ರಾತ್ರಿಯೂ ಓಡತೊಡಗಿತು. ಗಾಳಿ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ 2ರ ಆಸುಪಾಸು ಇರುವಂತೆ ನೋಡಿಕೊಂಡರು. ಕೆಸರು ಹೊರಹಾಕುವುದನ್ನು ತಡೆದು ಮತ್ತೆ ಬೆಳೆಸಿದರು. ಆರು ವಾರಗಳಲ್ಲಿ ಕೆಸರು 3,000 ದಾಟಿತು, ಕ್ಲೋರಿನ್ ತೆಗೆದು ಬಿತ್ತನೆ ಹಾಕಿ ಅಳೆದ ಬಿಒಡಿ 9ಕ್ಕೆ, ಸಿಒಡಿ 44ಕ್ಕೆ ಬಂದವು. ಮೊದಲಿನ 7ಕ್ಕೂ ಈ 9ಕ್ಕೂ ಅಂಕಿಯಲ್ಲಿ ಎರಡೇ ವ್ಯತ್ಯಾಸ, ಅದೂ ತಿರುಗುಮುರುಗು. ಪಕ್ಕದ ಸಿಒಡಿ ನೋಡಿದರೆ ಮಾತ್ರ ಎರಡು ನೀರೂ ಬೇರೆ ಎಂದು ಗೊತ್ತಾಗುತ್ತದೆ.

ಕೆರೆ ಮಾತ್ರ ನಿಧಾನ. ನಾಲ್ಕು ತಿಂಗಳ ನಂತರ ಸೋಸಿದ ನೀರಿನ ಬಿಒಡಿ 6ರಿಂದ 3ಕ್ಕೆ ಇಳಿದಿತ್ತು, ಸೋಸದ ನೀರಿನದು 21ರಿಂದ 17ಕ್ಕೆ ಮಾತ್ರ. ನಸುಕಿನ ಆಮ್ಲಜನಕ 0.6ರಿಂದ 3.2ಕ್ಕೆ ಏರಿತ್ತು. ನೀರು ಇನ್ನೂ ಹಸಿರು.

ಬಿಒಡಿ ಅಂಕಿಯನ್ನು ಓದುವ ಬಗೆ

ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಯೋಗ್ಯವಾದ ನೀರಿನ ಬಿಒಡಿ 3 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಸೋಂಕು ತೆಗೆದು ಕುಡಿಯಬಹುದಾದ ಮೂಲಕ್ಕೆ 2. ಬೆಂಗಳೂರಿನ ಸುತ್ತಲಿನ ಕೆರೆ ನೀರಿನಲ್ಲಿ 10ರಿಂದ 20 ಬಂದರೆ ಮೊದಲು ಸೋಸಿ ಅಳೆಸಬೇಕು. ಸೋಸಿದ್ದೂ 10 ದಾಟಿದರೆ ಹಸಿ ಕೊಳಚೆ ಈಗಲೂ ಸೇರುತ್ತಿದೆ. 50 ದಾಟಿದ ನೀರು ಕೆರೆಯದ್ದಾದರೆ ಅದರ ತಳದಲ್ಲಿ ಆಮ್ಲಜನಕ ಉಳಿದಿರುವ ಸಾಧ್ಯತೆ ತೀರಾ ಕಡಿಮೆ. ಕೊಳೆತ ಮೊಟ್ಟೆಯ ವಾಸನೆ ಅದರ ಗುರುತು. ಚರಂಡಿಯಲ್ಲಿ 100ರಿಂದ 200 ಬಂದರೆ ನೀರು ಬೆರೆತ ಮನೆಕೊಳಚೆ. ಮನೆಗಳ ಚರಂಡಿಯಲ್ಲಿ 400, 500 ಬಂದರೆ ಹೋಟೆಲ್, ಕಸಾಯಿಖಾನೆ, ಹಾಲಿನ ಘಟಕ ಅಥವಾ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಯನ್ನು ಹುಡುಕಬೇಕು.

ತೀರಾ ಕಡಿಮೆ ಅಂಕಿಯೂ ಅಷ್ಟೇ ಪ್ರಶ್ನೆ ಕೇಳಬೇಕಾದದ್ದು. ಕ್ಲೋರಿನ್, ಭಾರಲೋಹ, ಬಣ್ಣದ ಕಾರ್ಖಾನೆಯ ನೀರು, ಇವೆಲ್ಲ ಬ್ಯಾಕ್ಟೀರಿಯಾವನ್ನು ಕೊಂದು ಬಿಒಡಿಯನ್ನು ಇಳಿಸಿ ತೋರಿಸುತ್ತವೆ. ಪ್ರಯೋಗಾಲಯ ತನ್ನ ಕೆಲಸವನ್ನು ತಾನೇ ಪರೀಕ್ಷಿಸಲು ಗ್ಲೂಕೋಸ್ ಮತ್ತು ಗ್ಲುಟಾಮಿಕ್ ಆಮ್ಲ ಲೀಟರಿಗೆ ತಲಾ 150 ಮಿಲಿಗ್ರಾಂ ಕರಗಿಸಿದ ನೀರನ್ನು ಅಳೆಯುತ್ತದೆ. 20 ಡಿಗ್ರಿಯ 5 ದಿನಕ್ಕೆ ಅದು 198ರ ಆಚೆಈಚೆ 30ರೊಳಗೆ ಬರಬೇಕು. ಇಷ್ಟು ಅಂತರವನ್ನು ಒಪ್ಪುವ ಪರೀಕ್ಷೆ ಇದು. 17 ಮತ್ತು 19ರ ನಡುವೆ ಸುಧಾರಣೆ ಹುಡುಕುವುದು ವ್ಯರ್ಥ.

ಈ ಕೆರೆಯ ಸಮಿತಿ ಈಗ ತಿಂಗಳ ವರದಿಯಲ್ಲಿ ಕೆಲವು ಕಾಲಂ ಸೇರಿಸಿದೆ: ಮಾದರಿ ಹಿಡಿದ ಗಂಟೆ, ಉಳಿಕೆ ಕ್ಲೋರಿನ್, ಬಳಸಿದ ಎಲ್ಲ ಬಾಟಲಿಗಳ ಲೆಕ್ಕ (ಕೈಬಿಟ್ಟದ್ದೂ ಸೇರಿ), ಸೋಸಿದ ಮತ್ತು ಸೋಸದ ಬಿಒಡಿ, ಸಿಒಡಿ, ನಸುಕಿನ ಆಮ್ಲಜನಕ. ಮೀನು ಸಾಕಣೆಗೆ ಯೋಗ್ಯವಾದ ಡಿ ವರ್ಗಕ್ಕೆ ಮಂಡಳಿ ಬಿಒಡಿಯನ್ನು ಕೇಳುವುದೇ ಇಲ್ಲ. ಕರಗಿದ ಆಮ್ಲಜನಕ 4 ಅಥವಾ ಹೆಚ್ಚು, ಮುಕ್ತ ಅಮೋನಿಯಾ 1.2 ಅಥವಾ ಕಡಿಮೆ ಇರಬೇಕು ಎನ್ನುತ್ತದೆ. 3.2ಕ್ಕೆ ಬಂದ ನಸುಕಿನ ಅಳತೆ 4 ದಾಟಬೇಕಾದರೆ ತಳದ ಹೂಳಿನಲ್ಲಿ ಕೂತ ರಂಜಕ ಕಡಿಮೆಯಾಗಬೇಕು. ಸಮಿತಿ ಮುಂದಿನ ಬೇಸಿಗೆಯಲ್ಲಿ ಚರಂಡಿ ಬಂದು ಸೇರುವ ಮೂಲೆಯ ಹೂಳನ್ನು ಮಾತ್ರ ತೆಗೆಸಲು ನಿರ್ಧರಿಸಿದೆ, ಅದಕ್ಕೂ ಮೊದಲು ಆ ಮೂಲೆಯ ಹೂಳಿನ ರಂಜಕವನ್ನು ಅಳೆಸಲಿದೆ.